ಕೊನೆಯ ನಾಲ್ಕು ಕಿಲೋಮೀಟರ್

ಇವತ್ತು ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ 16 ಕಿ.ಮೀ. ಓಡಿದೆ. 21 ಕಿ.ಮೀ.ಯ ಹಾಫ್ ಮ್ಯಾರಥಾನ್ ಮೂರು ಸಲ ಆದರೂ ನನ್ನ ಸಮಯ 2 ಗಂಟೆ 6 ನಿಮಿಷದ ಆಸುಪಾಸಿನಲ್ಲೇ ನಿಂತಿದೆ. ಅಂದರೆ ಕಿಲೋಮೀಟರಿಗೆ 6 ನಿಮಿಷ. ಹಳೆಯ ಲೆಕ್ಕ ತೆಗೆದು ನೋಡಿದರೆ, ಪ್ರತಿ ಭಾನುವಾರದ ಲಾಂಗ್ ರನ್ ಶುರುವಾಗಿದ್ದೂ ಕಿಲೋಮೀಟರಿಗೆ 6:40ರ ವೇಗದಲ್ಲಿ, ಮುಗಿದಿದ್ದೂ ಅದೇ 6:40ರಲ್ಲಿ. ದಣಿದ ಕಾಲಲ್ಲಿ ವೇಗ ಹೆಚ್ಚಿಸುವುದನ್ನು ನಾನು ಕಲಿತೇ ಇರಲಿಲ್ಲ.

ಈಗ ಎರಡು ವಾರಕ್ಕೊಮ್ಮೆ ಪ್ರೊಗ್ರೆಷನ್ ರನ್ ಮಾಡುತ್ತಿದ್ದೇನೆ. ಮೊದಲ 6 ಕಿ.ಮೀ. 7:00ರಲ್ಲಿ, ಆಮೇಲೆ 6 ಕಿ.ಮೀ. 6:30ರಲ್ಲಿ, ಕೊನೆಯ 4 ಕಿ.ಮೀ. 6:00ರ ಹತ್ತಿರ. ಕಷ್ಟ ಇರುವುದು ಮೊದಲ ಭಾಗದಲ್ಲೇ. ಪಕ್ಕದವರ ಜೊತೆ ಆರಾಮಾಗಿ ಮಾತಾಡುವಷ್ಟು ನಿಧಾನ ಇರಬೇಕು. ಮೊದಲ ಸಲ ಉತ್ಸಾಹದಲ್ಲಿ 6:30ರಲ್ಲೇ ಹೊರಟೆ. 13ನೇ ಕಿಲೋಮೀಟರಿಗೆ ಭುಜ ಬಿಗಿಯಿತು, ವೇಗ ಕುಸಿಯಿತು. ಆವತ್ತು ಸಿಕ್ಕಿದ್ದು ಸುಮ್ನೆ ಸುಸ್ತು.

ಫಾಸ್ಟ್ ಫಿನಿಶ್ ಬೇರೆ ಥರ. 12 ಕಿ.ಮೀ. ಪೂರ್ತಿ ಆರಾಮಾಗಿ ಓಡಿ, ಕೊನೆಯ 4 ಕಿ.ಮೀ. ಒಮ್ಮೆಲೇ ಗುರಿಯ ವೇಗಕ್ಕೆ ಏರುವುದು. ನನ್ನ ಗುರಿ 5:50, ಅಂದರೆ ಸುಮಾರು 2 ಗಂಟೆ 3 ನಿಮಿಷ. ಇದರಿಂದ ಕಾಲಿಗೆ ಪೆಟ್ಟು ಜಾಸ್ತಿ. ಅದಕ್ಕೇ ರೇಸಿಗೆ ಮುಂಚಿನ ತಿಂಗಳುಗಳಲ್ಲಿ ಎರಡು ಮೂರು ಸಲ ಸಾಕು, ಕೊನೆಯ ಎರಡು ವಾರ ಬೇಡವೇ ಬೇಡ. ಮಾಡಿದ ಮೇಲೆ ಎರಡು ದಿನ ಹಗುರ ಓಟ ಮಾತ್ರ.

ಇವತ್ತಿನ ಕೊನೆಯ ಕಿಲೋಮೀಟರ್ 5:58. ಬಿದಿರು ಮೆಳೆಯ ಪಕ್ಕ ಹೋಗುವಾಗ ಉಸಿರು ಜೋರಿತ್ತು, ಹೆಜ್ಜೆಯ ಸದ್ದು ಮಾತ್ರ ಒಂದೇ ಸಮ. ಇಷ್ಟು ದಿನ ಆ ಸದ್ದನ್ನು ಕೇಳಿಸಿಕೊಂಡೇ ಇರಲಿಲ್ಲ.