ಹೊಟ್ಟೆಯ ಹುಣ್ಣು ಮತ್ತು ಎರಡನೇ ಎಂಡೋಸ್ಕೋಪಿ

"ಡಾಕ್ಟ್ರೇ, ಪೈಪ್ ಹಾಕಿ ತುಂಡು ತೆಗೆದು ಟೆಸ್ಟಿಗೆ ಕಳಿಸಿದ್ರಿ. ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಬಂತು. ಮಾತ್ರೆ ತಗೊಂಡು ನೋವೂ ಹೋಗಿದೆ. ಮತ್ತ್ಯಾಕೆ ಎರಡು ತಿಂಗಳಿಗೆ ಇನ್ನೊಂದ್ಸಲ ಪೈಪು?"

ಆ ರಿಪೋರ್ಟ್ ನಿಮ್ಮ ಹೊಟ್ಟೆಯ ಬಗ್ಗೆ ಅಲ್ಲ, ನಾವು ಕಳಿಸಿದ ತುಂಡುಗಳ ಬಗ್ಗೆ ಬಂದದ್ದು. ಇನ್ನು ನೋವು ಹೋಗಿದೆ ಎನ್ನುವುದು ಮಾತ್ರೆ ಕೆಲಸ ಮಾಡಿದೆ ಎಂದಷ್ಟೇ ಹೇಳುತ್ತದೆ. ಹುಣ್ಣು ಯಾವ ಜಾತಿಯದು ಅಂತ ಅದರಿಂದ ತಿಳಿಯುವುದಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಐವತ್ತೆಂಟು ವಯಸ್ಸು. ಮಳೆಗಾಲದುದ್ದಕ್ಕೂ ಮೇಲ್ಹೊಟ್ಟೆಯಲ್ಲಿ ಸಂಕಟ. "ಗ್ಯಾಸ್ಟ್ರಿಕ್" ಅಂತ ಜೀರಿಗೆ ಕಷಾಯ ಕುಡಿದರು. ಆಮೇಲೆ ಮೆಡಿಕಲ್ ಶಾಪಿನಿಂದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತರಿಸಿ ಎರಡು ತಿಂಗಳು ನುಂಗಿದರು. ಮಂಡಿ ನೋವಿಗೆ ಆಗಾಗ ಪೇನ್ ಕಿಲ್ಲರ್ ಬೇರೆ. ತೋಟದ ಏರು ಹತ್ತುವಾಗ ಏದುಸಿರು ಬರತೊಡಗಿದ ಮೇಲೆ ಮಗ ಹಟ ಮಾಡಿ ಶಿವಮೊಗ್ಗಕ್ಕೆ ಕರೆತಂದರು. ಹಿಮೋಗ್ಲೋಬಿನ್ 8.4 ಇತ್ತು. ಗಂಡಸರಿಗೆ ಅದು 13ರ ಮೇಲಿರಬೇಕು. ಆ ವಯಸ್ಸಿನ ಗಂಡಸಿಗೆ ಕಾರಣ ಗೊತ್ತಿಲ್ಲದೆ ರಕ್ತ ಕಡಿಮೆಯಾಗಿದ್ದರೆ ಹೊಟ್ಟೆಯೊಳಗೆ ನೋಡದೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಬಾರದು.

ಎಂಡೋಸ್ಕೋಪಿಯಲ್ಲಿ ಜಠರದ ಒಳಬಾಗಿನ ಮಡಿಕೆಯ ಹತ್ತಿರ ಸುಮಾರು ಒಂದೂವರೆ ಸೆಂಟಿಮೀಟರ್ ಹುಣ್ಣು ಕಂಡಿತು. ನೋಡಲಿಕ್ಕೆ ಸಾಧು ಹುಣ್ಣಿನ ಹಾಗೇ ಇತ್ತು. ದುಂಡಗೆ, ಅಂಚು ನುಣುಪು, ತಳ ಬಿಳಿ. ಜಠರದ ಮಡಿಕೆಗಳು ಕ್ರಮೇಣ ಸಣ್ಣಗಾಗುತ್ತಾ ಹುಣ್ಣಿನ ಅಂಚಿನವರೆಗೂ ಬಂದಿದ್ದವು. ಕೆಟ್ಟ ಹುಣ್ಣಾದರೆ ಅಂಚು ಉಬ್ಬುತಗ್ಗಾಗಿರುತ್ತದೆ. ಮಡಿಕೆಗಳು ಅಂಚು ಮುಟ್ಟುವ ಮೊದಲೇ ಥಟ್ಟನೆ ನಿಲ್ಲುತ್ತವೆ, ಇಲ್ಲವೇ ತುದಿ ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದರೆ ಕಣ್ಣಿನ ಅಂದಾಜನ್ನು ಎಷ್ಟು ನಂಬಬಹುದೋ ಅಷ್ಟೇ. ಆರಂಭದ ಕ್ಯಾನ್ಸರ್ ಸಾಧು ಹುಣ್ಣಿನ ವೇಷದಲ್ಲೇ ಬರಬಹುದು. ಅದಕ್ಕೇ ಜಠರದ ಹುಣ್ಣು ಹೇಗೇ ಕಾಣಲಿ, ತುಂಡು ತೆಗೆಯುತ್ತೇವೆ.

ಪೈಪಿನೊಳಗಿಂದ ಹೋಗುವ ಚಿಮಟದ ಬಾಯಿ ಎರಡು ಮೂರು ಮಿಲಿಮೀಟರ್. ಒಂದು ಸಲಕ್ಕೆ ಎಳ್ಳುಕಾಳಿನಷ್ಟು ತುಂಡು ಸಿಗುತ್ತದೆ, ಅದೂ ಮೇಲ್ಪದರದ್ದು. ಜಠರದ ಒಳಪದರಕ್ಕೆ ಚಿವುಟಿದ ನೋವಿನ ಅರಿವಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ತುಂಡು ತೆಗೆದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಮಾತೂ ನಮ್ಮ ಕಡೆ ಇದೆ. ಸುಮ್ನೆ ಹೆದರಿಕೆ ಅದು, ಬಿಡಿ. ನಿಜವಾದ ತೊಂದರೆ ಎಂದರೆ ತುಂಡು ಸರಿಯಾದ ಜಾಗದಿಂದ ಬರದಿರುವುದು. ಹುಣ್ಣಿನ ತಳದಲ್ಲಿ ಜಾಸ್ತಿ ಇರುವುದು ಸತ್ತ ಕೋಶಗಳ ಕಸ. ಬರೀ ಅಲ್ಲಿಂದ ತೆಗೆದರೆ ಪೆಥಾಲಜಿಸ್ಟ್‌ಗೆ ಓದಲು ಏನೂ ಸಿಗುವುದಿಲ್ಲ. ಅಂಚಿನ ನಾಲ್ಕೂ ಕಡೆಯ ಒಳಮೈಯಿಂದ ತೆಗೆಯಬೇಕು, ತಳದಿಂದ ಒಂದೆರಡು. ಕ್ಯಾನ್ಸರ್ ಇರುವ ಹುಣ್ಣಿನಿಂದ ಒಂದೇ ತುಂಡು ತೆಗೆದರೆ ಹತ್ತರಲ್ಲಿ ಸುಮಾರು ಏಳು ಸಲ ಮಾತ್ರ ಅದು ಸಿಕ್ಕಿಬೀಳುತ್ತದೆ. ಏಳು ತುಂಡು ತೆಗೆದರೆ ನೂರಕ್ಕೆ ತೊಂಬತ್ತೆಂಟರವರೆಗೆ ಹೋಗುತ್ತದೆ. ಮಂಡಿಯಲ್ಲಿ ಮೂಟೆಯ ಬಾಯಿಂದ ಒಂದೇ ಹಿಡಿ ಅಡಿಕೆ ತೆಗೆದು ಯಾರೂ ದರ ಹೇಳುವುದಿಲ್ಲ, ಅಲ್ವಾ?

ಇವರಿಂದ ಹುಣ್ಣಿನ ಆರು ತುಂಡು ತೆಗೆದೆವು. ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಲು ಜಠರದ ಕೆಳಭಾಗ ಮತ್ತು ಮಧ್ಯಭಾಗದಿಂದ ಬೇರೆ ತುಂಡುಗಳು. ಈ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಆಮ್ಲದಲ್ಲಿ ಏನೂ ಬದುಕುವುದಿಲ್ಲ ಅಂತಲೇ ವೈದ್ಯರು ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಸೋಂಕನ್ನು ಕ್ಯಾನ್ಸರ್ ತರುವುದು ಖಚಿತವಾದ ಕಾರಣಗಳ ಪಟ್ಟಿಗೆ ಸೇರಿಸಿತ್ತು.

ಇದು ಯೂರಿಯೇಸ್ ಎನ್ನುವ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಆ ಅಮೋನಿಯಾ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಈ ಗುಣವನ್ನೇ ನಾವು ಪರೀಕ್ಷೆಗೆ ಬಳಸುತ್ತೇವೆ. ಯೂರಿಯಾ ಇರುವ ಹಳದಿ ಜೆಲ್ಲಿಗೆ ತುಂಡು ಹಾಕಿದರೆ, ಬ್ಯಾಕ್ಟೀರಿಯಾ ಇದ್ದಾಗ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇವರದ್ದು ತಿರುಗಲಿಲ್ಲ. ಅದಕ್ಕೆ ಕಾರಣ ಅವರ ಜೇಬಿನಲ್ಲೇ ಇತ್ತು. ಪ್ಯಾಂಟೊಪ್ರಜೋಲ್ ತಿನ್ನುತ್ತಿರುವಾಗ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಉಳಿದದ್ದು ಜಠರದ ಕೆಳಭಾಗ ಬಿಟ್ಟು ಮೇಲಕ್ಕೆ ಸರಿಯುತ್ತದೆ. ಹುಣ್ಣಿನಿಂದ ರಕ್ತ ಒಸರುತ್ತಿದ್ದರೂ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಸರಿಯಾದ ಉತ್ತರ ಬೇಕಿದ್ದರೆ ಆ ಮಾತ್ರೆ ಎರಡು ವಾರ, ಆಂಟಿಬಯೋಟಿಕ್ ನಾಲ್ಕು ವಾರ ಬಿಟ್ಟಿರಬೇಕು. ಆದರೆ ಹಿಮೋಗ್ಲೋಬಿನ್ 8 ಇರುವವರನ್ನು ಎರಡು ವಾರ ಕಾಯಿಸಲಾಗುವುದಿಲ್ಲ.

ಪೆಥಾಲಜಿ ರಿಪೋರ್ಟ್ ಬಂದಾಗ ಮಧ್ಯಭಾಗದ ತುಂಡಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು. ಹುಣ್ಣಿನ ಅಂಚಿನಲ್ಲಿ ಹಳೆಯ ಉರಿಯೂತ, "ಇಂಟೆಸ್ಟೈನಲ್ ಮೆಟಾಪ್ಲೇಸಿಯಾ". ಅಂದರೆ ಜಠರದ ಒಳಪದರ ತನ್ನ ಗುಣ ಬಿಟ್ಟು ಕರುಳಿನ ಪದರದ ಹಾಗೆ ಬದಲಾಗಿದೆ ಎಂದರ್ಥ. ಕೊನೆಯ ಸಾಲಿನಲ್ಲಿ "ಕಳಿಸಿದ ತುಂಡುಗಳಲ್ಲಿ ಕ್ಯಾನ್ಸರ್ ಕಂಡಿಲ್ಲ. ಉರಿಯೂತ ಜಾಸ್ತಿ ಇರುವುದರಿಂದ ಕೋಶಗಳ ಬದಲಾವಣೆಯ ಬಗ್ಗೆ ಖಚಿತವಾಗಿ ಹೇಳಲಾಗದು, ಚಿಕಿತ್ಸೆಯ ನಂತರ ಮತ್ತೆ ನೋಡಿ" ಎಂದಿತ್ತು. ಮನೆಯವರು ಮೊದಲ ವಾಕ್ಯ ಓದಿ ಸಮಾಧಾನ ಪಟ್ಟರು. ನನಗೆ ಎರಡನೆಯದು ಮುಖ್ಯವಾಗಿತ್ತು. ಗಾಯ ವಾಸಿಯಾಗುವಾಗ ಹೊಸದಾಗಿ ಹುಟ್ಟುವ ಕೋಶಗಳು ಮೈಕ್ರೋಸ್ಕೋಪಿನಲ್ಲಿ ಒರಟಾಗಿ, ದೊಡ್ಡ ಕೇಂದ್ರದೊಂದಿಗೆ ಕಾಣುತ್ತವೆ. ಕ್ಯಾನ್ಸರಿನ ಮೊದಲ ಹಂತವೂ ಹಾಗೇ ಕಾಣಬಹುದು. ಉರಿಯೂತ ಇಳಿದ ಮೇಲೆ ಎರಡನ್ನೂ ಬೇರೆ ಮಾಡುವುದು ಸುಲಭ. ಎಂಟು ವಾರ ಬಿಟ್ಟು ಮತ್ತೆ ನೋಡಲು ಇದೊಂದು ಕಾರಣ. ಇನ್ನೊಂದು, ಸಾಧು ಹುಣ್ಣು ಸಾಮಾನ್ಯವಾಗಿ ಅಷ್ಟರಲ್ಲಿ ಪೂರ್ತಿ ಮಾಯುತ್ತದೆ.

ಇಲ್ಲಿ ಜನ ಕೇಳುವ ಉಪಪ್ರಶ್ನೆ ಒಂದಿದೆ. "ನಮ್ಮ ಭಾವನಿಗೂ ಹುಣ್ಣು, ಅದೇ ಬ್ಯಾಕ್ಟೀರಿಯಾ. ಅವರಿಗೆ ಎರಡನೇ ಸಲ ಬೇಡ ಅಂದ್ರಲ್ಲ?" ಭಾವನ ಹುಣ್ಣು ಇದ್ದದ್ದು ಜಠರ ದಾಟಿದ ಮೇಲೆ, ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಅಲ್ಲಿನ ಹುಣ್ಣು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಬ್ಯಾಕ್ಟೀರಿಯಾ ಒಂದೇ ಆದರೂ ಅದು ಎಲ್ಲಿ ಬೀಡುಬಿಟ್ಟಿದೆ ಎನ್ನುವುದರ ಮೇಲೆ ಮುಂದಿನ ಕಥೆ ನಿಂತಿದೆ. ಉರಿಯೂತ ಜಠರದ ಕೆಳಭಾಗದಲ್ಲೇ ಉಳಿದರೆ ಆಮ್ಲ ಜಾಸ್ತಿಯಾಗಿ ಕರುಳಿನ ಹುಣ್ಣು ಆಗುತ್ತದೆ. ಇಂಥವರಿಗೆ ಜಠರದ ಕ್ಯಾನ್ಸರ್ ಅಪಾಯ ಕಡಿಮೆ. ಉರಿಯೂತ ಮೇಲಕ್ಕೆ ಹರಡಿ, ಆಮ್ಲ ಮಾಡುವ ಗ್ರಂಥಿಗಳನ್ನೇ ಸವೆಸಿದರೆ ಆಮ್ಲ ಕುಗ್ಗುತ್ತದೆ, ಪದರ ತೆಳುವಾಗುತ್ತದೆ. ಆಮೇಲೆ ಕರುಳಿನಂತೆ ಬದಲಾಗುತ್ತದೆ, ಅದರಲ್ಲಿ ಕೆಲವು ಕೋಶ ದಾರಿ ತಪ್ಪುತ್ತವೆ. ಇದು ದಶಕಗಳ ಕೆಲಸ. ಸೋಂಕು ಬರುವುದು ಹೆಚ್ಚಾಗಿ ಬಾಲ್ಯದಲ್ಲಿ, ಮನೆಯವರಿಂದಲೇ. ಸೋಂಕಿರುವ ನೂರು ಜನರಲ್ಲಿ ಕ್ಯಾನ್ಸರ್ ಮುಟ್ಟುವವರು ಒಬ್ಬರಿಂದ ಮೂವರು. ಹಾಗಾಗಿ "ಪೈಲೋರಿ ಪಾಸಿಟಿವ್" ಅಂತ ಬಂದ ತಕ್ಷಣ ನಿದ್ದೆಗೆಡುವ ಅಗತ್ಯವಿಲ್ಲ.

ಎಂಟು ವಾರಕ್ಕೆ ಬನ್ನಿ ಅಂದಾಗ ನಮ್ಮ ಅಡಿಕೆ ಬೆಳೆಗಾರರು "ಕೊಯ್ಲು ಮುಗೀಲಿ" ಅಂದರು. ನಮ್ಮಲ್ಲಿ ಇದು ಮಾಮೂಲಿ ಉತ್ತರ. ಮಗ ಬಿಡಲಿಲ್ಲ. ಬಂದಾಗ ಮುಖದಲ್ಲಿ ಕಳೆ ಇತ್ತು, ಹಿಮೋಗ್ಲೋಬಿನ್ 11 ದಾಟಿತ್ತು. ಹುಣ್ಣೂ ಕುಗ್ಗಿ ಅರ್ಧ ಸೆಂಟಿಮೀಟರ್ ಆಗಿತ್ತು. ಮೋಸ ಇರುವುದೇ ಇಲ್ಲಿ. ಆಮ್ಲ ತಗ್ಗಿಸಿದರೆ ಕ್ಯಾನ್ಸರ್ ಇರುವ ಹುಣ್ಣೂ ಕುಗ್ಗುತ್ತದೆ. ಕೆಲವು ಸಲ ಮೇಲೆ ಪದರ ಬೆಳೆದು ಪೂರ್ತಿ ಮುಚ್ಚಿಕೊಳ್ಳುತ್ತದೆ, ಕೆಳಗೆ ರೋಗ ಹಾಗೇ ಇರುತ್ತದೆ. ಆದ್ದರಿಂದ ಮಾಯ್ದ ಕಲೆಯಿಂದಲೂ ತುಂಡು ತೆಗೆಯುತ್ತೇವೆ. ಇವರ ಹುಣ್ಣಿನ ಒಂದು ಬದಿಯಲ್ಲಿ ಪದರ ಸ್ವಲ್ಪ ತಗ್ಗಿ ಕೆಂಪಾಗಿತ್ತು. ಒಂದು ಮಡಿಕೆ ಅಂಚಿಗೆ ಮೊದಲೇ ನಿಂತಿತ್ತು. ಎಂಟು ತುಂಡು ಕಳಿಸಿದೆವು, ಆ ಬದಿಯದನ್ನು ಬೇರೆ ಡಬ್ಬಿಯಲ್ಲಿ ಗುರುತು ಹಾಕಿ. ಎರಡರಲ್ಲಿ ಅಡಿನೋಕಾರ್ಸಿನೋಮಾ ಎನ್ನುವ ಕ್ಯಾನ್ಸರ್ ಇತ್ತು. ಎರಡೂ ಆ ಡಬ್ಬಿಯವೇ.

ಸಿಟಿ ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿರಲಿಲ್ಲ. ಜಠರದ ಕೆಳಭಾಗ ತೆಗೆಯುವ ಆಪರೇಷನ್ ಆಯಿತು. ರೋಗ ಒಳಪದರದ ಕೆಳಗಿನ ಪದರದವರೆಗಷ್ಟೇ ಇಳಿದಿತ್ತು, ಸ್ನಾಯುವನ್ನು ಮುಟ್ಟಿರಲಿಲ್ಲ. ಲಿಂಫ್ ಗಂಟುಗಳೂ ಶುದ್ಧ.

ತುಂಡು ಪರೀಕ್ಷೆ ಸೋಲುವ ಒಂದು ಬಗೆಯ ಕ್ಯಾನ್ಸರ್ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅದು ಹುಣ್ಣು ಮಾಡದೆ ಪದರದ ಅಡಿಯಲ್ಲೇ ಹರಡಿ ಇಡೀ ಜಠರವನ್ನು ತೊಗಲಿನ ಚೀಲದಂತೆ ಬಿಗಿ ಮಾಡುತ್ತದೆ. ಮೇಲ್ಪದರದ ತುಂಡು ಎಷ್ಟು ತೆಗೆದರೂ ನಾರ್ಮಲ್ ಅಂತಲೇ ಬರಬಹುದು. ಗಾಳಿ ತುಂಬಿದರೂ ಜಠರ ಹಿಗ್ಗುತ್ತಿಲ್ಲ, ರೋಗಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತಿದೆ ಎಂದರೆ ರಿಪೋರ್ಟನ್ನು ನಂಬಿ ಕೂರುವುದಿಲ್ಲ. ತೆಗೆದ ಜಾಗದಲ್ಲೇ ಮತ್ತೆ ಚಿಮಟ ಹಾಕಿ ಆಳದ ತುಂಡು ತರುತ್ತೇವೆ, ಇಲ್ಲವೇ ಎಂಡೋಸ್ಕೋಪಿಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಕಡೆಗೆ ಕಳಿಸುತ್ತೇವೆ.

ಮಗನ ಪ್ರಶ್ನೆ ಕೊನೆಗೆ ಬಂತು. "ನಾನೂ ತಂಗಿಯೂ ಟೆಸ್ಟ್ ಮಾಡಿಸಬೇಕಾ?" ಹೌದು. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಜಠರದ ಕ್ಯಾನ್ಸರ್ ಆಗಿದ್ದರೆ ಪೈಲೋರಿ ಹುಡುಕಿ, ಇದ್ದರೆ ನಿರ್ಮೂಲ ಮಾಡಬೇಕು. ರಕ್ತದ ಆಂಟಿಬಾಡಿ ಟೆಸ್ಟ್ ಬೇಡ. ಸೋಂಕು ಹೋದ ಮೇಲೂ ಅದು ವರ್ಷಗಟ್ಟಲೆ ಪಾಸಿಟಿವ್ ತೋರಿಸುತ್ತದೆ. ಮಲದ ಆಂಟಿಜೆನ್ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದರೆ ಹದಿನಾಲ್ಕು ದಿನದ ಚಿಕಿತ್ಸೆ. ನಡುವೆ ಬಿಡಬೇಡಿ, ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ. ಬಿಸ್ಮತ್ ಇರುವ ಮಾತ್ರೆ ತಿಂದಾಗ ಮಲ ಕಪ್ಪಗಾಗುತ್ತದೆ. ಅದು ಮಾತ್ರೆಯ ಬಣ್ಣ, ಅಷ್ಟಕ್ಕೇ ರಕ್ತ ಹೋಗ್ತಿದೆ ಅಂತ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಬರಬೇಡಿ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ ನಾರುತ್ತಿದ್ದರೆ, ತಲೆ ಸುತ್ತಿದರೆ, ತಡಮಾಡಬೇಡಿ. ಚಿಕಿತ್ಸೆ ಮುಗಿದು ನಾಲ್ಕು ವಾರವಾದ ಮೇಲೆ ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಬರುವಾಗ ಹಿಂದಿನ ಎಂಡೋಸ್ಕೋಪಿಯ ಫೋಟೋಗಳು, ಪೆಥಾಲಜಿ ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಇರಲಿ. ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಆ ಪಟ್ಟಿಯಲ್ಲಿ ಬರೆಯಿರಿ. ಅದನ್ನು ಯಾರೂ ಮಾತ್ರೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.