ಪಹಣಿಯಲ್ಲಿ ಅವರ ಹೆಸರು, ಗದ್ದೆಯಲ್ಲಿ ನಮ್ಮ ಭಾವ

ನಮ್ಮ ಭಾವ ಮದ್ದೂರು ತಾಲ್ಲೂಕಿನ ಒಂದು ಎಕರೆ ಹತ್ತು ಗುಂಟೆ ಗದ್ದೆಯನ್ನು 2000ನೇ ಇಸವಿಯಿಂದ ಉಳುತ್ತಿದ್ದಾರೆ. ಅದಕ್ಕೆ ಕ್ರಯಪತ್ರವಿಲ್ಲ. ಇರುವುದು ಸ್ವಾಧೀನ ಸಹಿತ ಕ್ರಯದ ಕರಾರು ಮಾತ್ರ. ಬೆಲೆ ಒಂದು ಲಕ್ಷ ಎಂಬತ್ತು ಸಾವಿರ. ಒಂದು ಲಕ್ಷ ನಲವತ್ತು ಸಾವಿರ ಅಂದೇ ಸಂದಾಯವಾಯಿತು. ಗದ್ದೆಯನ್ನೂ ಅಂದೇ ಬಿಟ್ಟುಕೊಟ್ಟರು. ಉಳಿದ ಹಣವನ್ನು, ಗದ್ದೆಯನ್ನು ಅಳೆಸಿ ದಾಖಲೆಯಲ್ಲಿ ಬೇರೆ ಹಿಸ್ಸಾ ಮಾಡುವ ಪೋಡಿ ಮುಗಿದ ಮೇಲೆ, ನೋಂದಣಿಯ ದಿನ ಕೊಡುವುದೆಂದು ಬರೆದುಕೊಂಡರು. ಪೋಡಿ ಆಗಲೇ ಇಲ್ಲ. ಮಾರಿದವರು ತೀರಿಕೊಂಡರು. 2014ರಲ್ಲಿ ಅವರ ಮಗ, ಕ್ರಯ ಮಾಡಿಕೊಡುವುದಿಲ್ಲ, ಗದ್ದೆ ಬಿಡಿ ಎಂದು ನೋಟಿಸ್ ಕಳುಹಿಸಿದ. ಮನೆಯಲ್ಲಿ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. 2019ರಲ್ಲಿ ಸ್ವಾಧೀನ ಕೋರಿ ದಾವೆ ಹೂಡಿದ.

ಸಮನ್ಸ್ ಬಂದ ವಾರವೇ ಅಕ್ಕ ನನ್ನನ್ನು ಮಂಡ್ಯಕ್ಕೆ ಕರೆಸಿಕೊಂಡಳು. ಭಾವನ ಜೊತೆ ನಾನು ವಕೀಲರ ಕಚೇರಿಗೆ ಹೋದೆ. ಅಂದು ಅಲ್ಲಿ ಕೇಳಿದ ಮಾತುಗಳು ಇಂಥ ಕಾಗದ ಇಟ್ಟುಕೊಂಡಿರುವ ನೂರಾರು ರೈತ ಕುಟುಂಬಗಳಿಗೆ ಬೇಕಾದವು.

ಭಾವ ಮೊದಲು ಹೇಳಿದ್ದು ಊರಿನಲ್ಲಿ ಎಲ್ಲರೂ ಹೇಳುವ ಮಾತನ್ನೇ: "ಹನ್ನೆರಡು ವರ್ಷ ಅನುಭವದಲ್ಲಿದ್ದರೆ ಜಮೀನು ನಮ್ಮದೇ ಅಲ್ಲವೇ ಸಾರ್?" ವಕೀಲರು ತಲೆಯಾಡಿಸಿದರು. "ಇಲ್ಲ ಯಜಮಾನರೇ. ನೀವು ಗದ್ದೆಗೆ ಇಳಿದದ್ದು ಮಾಲೀಕರ ಒಪ್ಪಿಗೆಯಿಂದ. ಒಪ್ಪಿಗೆಯಿಂದ ಬಂದ ಸ್ವಾಧೀನ ಎಷ್ಟು ವರ್ಷ ಕಳೆದರೂ ಪ್ರತಿಕೂಲ ಸ್ವಾಧೀನ ಆಗುವುದಿಲ್ಲ. ಆ ಮಾತು ಬಿಡಿ, ಕಾಗದ ಕೊಡಿ."

ಅವರು ಮೊದಲು ನೋಡಿದ್ದು ತಾರೀಖನ್ನು. ಫೆಬ್ರವರಿ 2000. ಮುಖದಲ್ಲಿ ಸಮಾಧಾನ ಕಂಡಿತು. ಕಾರಣ ಆಮೇಲೆ ತಿಳಿಯಿತು.

ಕರಾರು ಎಂಬುದು ಮಾಲೀಕತ್ವ ಕೊಡುವುದಿಲ್ಲ. ಅದನ್ನು ಕೊಡುವುದು ನೋಂದಾಯಿತ ಕ್ರಯಪತ್ರವೊಂದೇ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ 1929ರಲ್ಲಿ ಸೇರಿಸಿದ 53ಎ ಕಲಂ, ಸ್ವಾಧೀನದಲ್ಲಿರುವ ಖರೀದಿದಾರನಿಗೆ ಒಂದು ರಕ್ಷಣೆ ಕೊಟ್ಟಿದೆ. ಕರಾರು ಲಿಖಿತವಾಗಿರಬೇಕು, ಮಾರುವವರ ಸಹಿ ಇರಬೇಕು, ಷರತ್ತುಗಳು ಸ್ಪಷ್ಟವಾಗಿರಬೇಕು. ಆ ಕರಾರಿನ ಭಾಗಶಃ ಪಾಲನೆಯಾಗಿಯೇ ಸ್ವಾಧೀನ ಬಂದಿರಬೇಕು. ಕರಾರನ್ನು ಮುಂದಕ್ಕೆ ಒಯ್ಯುವ ಏನಾದರೂ ಕೆಲಸವನ್ನು ಖರೀದಿದಾರ ಮಾಡಿರಬೇಕು. ತನ್ನ ಪಾಲಿನದನ್ನು ನೆರವೇರಿಸಿರಬೇಕು, ಇಲ್ಲವೇ ನೆರವೇರಿಸಲು ಸಿದ್ಧನಿರಬೇಕು. ಇಷ್ಟಿದ್ದರೆ ಮಾರಿದವರಾಗಲಿ, ಅವರ ಮೂಲಕ ಹಕ್ಕು ಹೇಳುವ ವಾರಸುದಾರರಾಗಲಿ ಅವನನ್ನು ಎಬ್ಬಿಸುವಂತಿಲ್ಲ. ಈ ಗದ್ದೆ ಮಾರಿದವರ ಸ್ವಯಾರ್ಜಿತವಾದ್ದರಿಂದ ಮಗನಿಗೆ ಅದರಲ್ಲಿ ಬೇರೆ ಸ್ವಂತ ಹಕ್ಕಿರಲಿಲ್ಲ. ತಂದೆಯ ಮೇಲಿದ್ದ ನಿರ್ಬಂಧವೇ ಅವನ ಮೇಲೂ ಬಂತು.

"ನೋಟಿಸ್ ಬಂದು ಐದು ವರ್ಷವಾಯಿತಲ್ಲ, ಕ್ರಯ ಮಾಡಿಕೊಡಿ ಎಂದು ನಾವೇ ದಾವೆ ಹಾಕಬಹುದೇ?" ಎಂದು ಕೇಳಿದೆ. ಕರಾರಿನಲ್ಲಿ ಗಡುವು ಬರೆದಿರದಿದ್ದರೆ, ಎದುರಿನವರು ಒಲ್ಲೆ ಎಂದದ್ದು ತಿಳಿದ ದಿನದಿಂದ ಮೂರು ವರ್ಷದೊಳಗೆ ಆ ದಾವೆ ಹಾಕಬೇಕಂತೆ. ನಮ್ಮ ಅವಧಿ 2017ಕ್ಕೇ ಮುಗಿದಿತ್ತು. ನನಗೆ ಎದೆ ಧಸಕ್ಕೆಂದಿತು. ವಕೀಲರು ತಕ್ಷಣ ಹೇಳಿದರು: "ದಾವೆಯ ಅವಧಿ ಮುಗಿದರೂ ಪ್ರತಿವಾದಿಯಾಗಿ 53ಎ ರಕ್ಷಣೆ ಕೇಳುವುದಕ್ಕೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಶಾಮರಾವ್ ಸೂರ್ಯವಂಶಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಕಾಲಮಿತಿ ಕಾಯ್ದೆ ದಾವೆಯನ್ನು ತಡೆಯುತ್ತದೆ, ಪ್ರತಿವಾದವನ್ನಲ್ಲ."

ಆಮೇಲೆ ಕಾಗದದ ಹಿಂಬದಿ ತಿರುಗಿಸಿದರು. ಅಲ್ಲಿ ಮಾಸಿದ ನೀಲಿ ಮಸಿಯಲ್ಲಿ ಮೂರು ಸಾಲಿನ ಷರಾ ಇತ್ತು. 2003ರಲ್ಲಿ ಇಪ್ಪತ್ತೈದು ಸಾವಿರ ಸಂದಾಯವಾಗಿದೆ, ಇನ್ನು ಹದಿನೈದು ಸಾವಿರ ಬಾಕಿ ಎಂದು ಬರೆದು, ರೆವಿನ್ಯೂ ಸ್ಟಾಂಪಿನ ಮೇಲೆ ಮಾರಿದವರು ಸಹಿ ಮಾಡಿದ್ದರು. ಸಹಿಯ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ. ಸ್ವಾಧೀನ ಪಡೆದ ಮೇಲೂ ಹಣ ಕೊಡುತ್ತಾ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ ಎಂದರು ವಕೀಲರು. ಸಿದ್ಧನಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದೆಂದು, ಬಾಕಿ ಹದಿನೈದು ಸಾವಿರವನ್ನು ಲಿಖಿತ ಹೇಳಿಕೆಯ ಜೊತೆಗೇ ನ್ಯಾಯಾಲಯದಲ್ಲಿ ಠೇವಣಿ ಇಡಿಸಿದರು. ಠೇವಣಿ ಇಡಲೇಬೇಕೆಂಬ ನಿಯಮವೇನಿಲ್ಲವಂತೆ. ಆದರೂ ಹತ್ತು ಮಾತಿಗಿಂತ ಅದೊಂದು ಚಲನ್ ಗಟ್ಟಿ ಎಂಬುದು ಅವರ ಅನುಭವ.

ತೊಡಕಾದದ್ದು ಛಾಪಾ ಶುಲ್ಕ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕ ಸ್ಟಾಂಪ್ ಕಾಯ್ದೆಯಲ್ಲಿ ಕ್ರಯಪತ್ರದಷ್ಟೇ ಶುಲ್ಕ. ನಮ್ಮ ಕಾಗದವೋ ಸಣ್ಣ ಮೊತ್ತದ ಛಾಪಾ ಕಾಗದದಲ್ಲಿತ್ತು. ಕೊರತೆಯನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ ಇಂಥ ದಾಖಲೆಯನ್ನು ಸಾಕ್ಷ್ಯವಾಗಿ ಗುರುತು ಮಾಡುವಂತಿಲ್ಲ. ಕೊರತೆ ಹತ್ತು ಸಾವಿರವಾದರೆ ದಂಡ ಒಂದು ಲಕ್ಷ. ಅಕ್ಕ ಲೆಕ್ಕ ಕೇಳಿ ಕಂಗಾಲಾದಳು. ಈ ಹತ್ತು ಪಟ್ಟನ್ನು ಇಳಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಆದರೆ ದಾಖಲೆಯನ್ನು ಡೆಪ್ಯುಟಿ ಕಮಿಷನರ್ ಅಧಿಕಾರ ಚಲಾಯಿಸುವವರಿಗೆ ಕಳುಹಿಸಿದರೆ ಅವರು ದಂಡ ಕಡಿಮೆ ಮಾಡಬಹುದು. ವಕೀಲರು ಆ ದಾರಿಯನ್ನೇ ಹಿಡಿದರು, ದಂಡ ತಾಳಿಕೊಳ್ಳುವಷ್ಟಕ್ಕೆ ಇಳಿಯಿತು.

ತಾರೀಖಿನ ಮಹತ್ವ ನನಗೆ ಪೂರ್ತಿ ಅರ್ಥವಾದದ್ದು ಅಂದೇ ಅಲ್ಲಿಗೆ ಬಂದಿದ್ದ ಶ್ರೀರಂಗಪಟ್ಟಣ ಕಡೆಯ ರೈತರೊಬ್ಬರಿಂದ. ಅವರದೂ ಸ್ವಾಧೀನದ ಕರಾರೇ, 2012ರದ್ದು, ನೋಟರಿಯ ಕೆಂಪು ಮೊಹರು ಬೇರೆ. ಹಣವನ್ನೂ ನಮಗಿಂತ ಹೆಚ್ಚು ಕೊಟ್ಟಿದ್ದರು. ಆದರೂ 53ಎ ಅವರಿಗೆ ಸಿಗಲಿಲ್ಲ. 2001ರ ಸೆಪ್ಟೆಂಬರ್ 24ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದಾಚೆಗಿನ ಇಂಥ ಕರಾರು ನೋಂದಣಿ ಆಗಿರಲೇಬೇಕು. ಆಗಿಲ್ಲದಿದ್ದರೆ ಈ ರಕ್ಷಣೆಯ ಮಟ್ಟಿಗೆ ಆ ಕಾಗದಕ್ಕೆ ಬೆಲೆಯಿಲ್ಲ. ನೋಟರಿಯ ಮೊಹರು ನೋಂದಣಿ ಅಲ್ಲ. ಇದನ್ನು ಅವರಿಗೆ ಆ ಹೊತ್ತಿನವರೆಗೆ ಯಾರೂ ಹೇಳಿರಲಿಲ್ಲ ಎಂಬುದು ನನಗೆ ಬಹಳ ಸಂಕಟ ತಂದಿತು.

ಅವರಿಗೆ ಉಳಿದಿದ್ದ ದಾರಿ ಬೇರೆ. ನೋಂದಣಿಯಾಗದ ಕರಾರನ್ನೂ ಕ್ರಯ ಮಾಡಿಸಿಕೊಡಬೇಕೆಂಬ ದಾವೆಯಲ್ಲಿ ಒಪ್ಪಂದದ ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಛಾಪಾ ಶುಲ್ಕ, ದಂಡ ಅದಕ್ಕೂ ತಪ್ಪಿದ್ದಲ್ಲ. ಕಾಗದದಲ್ಲಿ ಗಡುವಿರಲಿಲ್ಲ, ಮಾರಿದವರು ಒಲ್ಲೆ ಎಂದದ್ದು ಹಿಂದಿನ ತಿಂಗಳು. ಹಾಗಾಗಿ ಮೂರು ವರ್ಷದ ಅವಧಿ ಆಗಷ್ಟೇ ಆರಂಭವಾಗಿತ್ತು. "ಅವರು ಎಬ್ಬಿಸಲು ಬರುವವರೆಗೆ ಕಾಯಬೇಡಿ, ನೀವೇ ವಾದಿಯಾಗಿ" ಎಂದು ವಕೀಲರು ಅವರ ವಕಾಲತ್ತಿಗೆ ಅಲ್ಲೇ ಸಹಿ ಹಾಕಿಸಿಕೊಂಡರು.

ಮಗ ಗದ್ದೆಯನ್ನು ಬೇರೆಯವರಿಗೆ ಮಾರಿಬಿಟ್ಟರೆ ಗತಿಯೇನು ಎಂಬ ಭಯ ಅಕ್ಕನಿಗಿತ್ತು. ಕರಾರಿನ ಸುಳಿವೇ ಇಲ್ಲದೆ ಹಣ ಕೊಟ್ಟು ಕೊಂಡವರ ಎದುರು 53ಎ ನಿಲ್ಲುವುದಿಲ್ಲ, ನಿಜ. ಆದರೆ ಗದ್ದೆಯಲ್ಲಿ ಬೇರೊಬ್ಬರು ನಾಟಿ ಮಾಡುತ್ತಿರುವಾಗ, ಅವರ ಹಕ್ಕೇನೆಂದು ತಿಳಿಯದೆ ಕೊಂಡೆ ಎನ್ನುವಂತಿಲ್ಲ. ವಾಸ್ತವ ಸ್ವಾಧೀನವೇ ಕಾನೂನಿನ ಕಣ್ಣಿನಲ್ಲಿ ತಿಳಿವಳಿಕೆ. ಅದಕ್ಕೇ ಗದ್ದೆಯನ್ನು ಒಂದು ಬೆಳೆಗೂ ಬೀಳು ಬಿಡಬೇಡಿ, ವಾರಕ್ಕೂ ಕೊಡಬೇಡಿ ಎಂದು ವಕೀಲರು ಕಟ್ಟುನಿಟ್ಟಾಗಿ ಹೇಳಿದರು.

ದಾವೆ ವಜಾ ಆಯಿತು. ಭಾವನನ್ನು ಎಬ್ಬಿಸುವಂತಿಲ್ಲ ಎಂದು ತೀರ್ಪು ಬಂತು. ಆದರೆ ಅವರು ಮಾಲೀಕರು ಎಂದು ಅದು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಪಹಣಿಯ 9ನೇ ಕಾಲಮಿನಲ್ಲಿ ಇಂದಿಗೂ ಮಾರಿದವರ ಮನೆಯ ಹೆಸರೇ ಇದೆ. ಗದ್ದೆಯನ್ನು ಅಡವಿಟ್ಟು ಸಾಲ ತೆಗೆಯುವಂತಿಲ್ಲ, ಮಗಳ ಹೆಸರಿಗೆ ದಾನಪತ್ರ ಬರೆಯುವಂತಿಲ್ಲ. ಅತ್ತ ಮಗನಿಗೂ ಹೆಸರಿದೆ, ಗದ್ದೆಯಿಲ್ಲ. ಈಗ ಊರಿನ ಹಿರಿಯರ ಮುಂದೆ ಮಾತು ನಡೆಯುತ್ತಿದೆ. ಠೇವಣಿಯ ಹದಿನೈದು ಸಾವಿರದ ಮೇಲೆ ಅವನು ಎಷ್ಟು ಕೇಳುತ್ತಾನೆ, ಪೋಡಿ ಯಾರು ಮಾಡಿಸಬೇಕು ಎಂಬುದರಲ್ಲಿ ನಿಂತಿದೆ. ಪೋಡಿಯ ಅರ್ಜಿಗೆ ಖಾತೆದಾರನಾಗಿ ಅವನದೇ ಸಹಿ ಬೇಕಾದ್ದರಿಂದ, ಅದರ ಖರ್ಚನ್ನು ನಾವೇ ಹೊರುತ್ತೇವೆಂದು ಭಾವ ಮೊನ್ನೆ ಒಪ್ಪಿದ್ದಾರೆ.