ಅಮೃತಸರದ ಲಂಗರ್: ಕಿರು ವಿಡಿಯೊ ಮಾಡಲು ಹೊರಡುವವರಿಗೆ

ಅಮೃತಸರದ ಸ್ವರ್ಣ ಮಂದಿರದಲ್ಲಿ, ಅಂದರೆ ಸಿಖ್ಖರ ಹರಿಮಂದಿರ ಸಾಹಿಬ್‌ನಲ್ಲಿ, ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ಗುರು ರಾಮದಾಸ್ ಲಂಗರ್‌ನಲ್ಲಿ ಸಾಮಾನ್ಯ ದಿನಗಳಲ್ಲೇ ಸುಮಾರು 50,000 ಮಂದಿ ಉಣ್ಣುತ್ತಾರೆ, ಹಬ್ಬಗಳಲ್ಲಿ ಈ ಸಂಖ್ಯೆ ಒಂದು ಲಕ್ಷದವರೆಗೂ ಏರುತ್ತದೆ. ಇಷ್ಟು ಜನರಿಗೆ ಭೇದವಿಲ್ಲದೆ ಬಡಿಸುವ ಬಗೆಯನ್ನು ಮೂರು ನಿಮಿಷಗಳ ವಿಡಿಯೊದಲ್ಲಿ ತೋರಿಸಬೇಕೆಂದು ಹೋದಾಗ ನಾನು ಕಂಡುಕೊಂಡದ್ದು ಇಷ್ಟು: ಬೃಹತ್ ಕಡಾಯಿಗಳು ಮತ್ತು ರೊಟ್ಟಿ ಯಂತ್ರಗಳು ಕಣ್ಣು ಸೆಳೆದರೂ, ಚಿತ್ರವು ಒಂದು ತಟ್ಟೆಯನ್ನು ಹಿಂಬಾಲಿಸಿದರೆ ಮಾತ್ರ ಈ ವ್ಯವಸ್ಥೆ ನೋಡುವವರಿಗೆ ಅರ್ಥವಾಗುತ್ತದೆ.

ಮೊದಲು ಅಲ್ಲಿನ ಮಾಹಿತಿ ಕಚೇರಿಗೆ ಹೋಗಿ, ಎಲ್ಲೆಲ್ಲಿ ಏನೇನು ಚಿತ್ರಿಸುತ್ತೀರೆಂದು ತಿಳಿಸಿ ಅನುಮತಿ ಪಡೆಯಬೇಕು. ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್ ವಿರಾಜಮಾನವಾಗಿರುವ ಗರ್ಭಾಂಗಣದಲ್ಲಿ ಚಿತ್ರೀಕರಣಕ್ಕೆ ಅವಕಾಶವಿಲ್ಲ. ತಲೆಗೆ ವಸ್ತ್ರ ಹೊದ್ದು, ಪಾದರಕ್ಷೆಗಳನ್ನು ಜೋಡಾ ಘರ್‌ನಲ್ಲಿ ಒಪ್ಪಿಸಿ, ಕಾಲು ತೊಳೆದು ಒಳಗೆ ಹೋಗಬೇಕು. ಬೀಡಿ, ಸಿಗರೇಟು, ತಂಬಾಕು ಜೇಬಿನಲ್ಲಿಯೂ ಇರಬಾರದು. ಕ್ಯಾಮೆರಾ ಸ್ಟ್ಯಾಂಡನ್ನು ಕೋಣೆಯಲ್ಲಿಯೇ ಬಿಡುವುದು ಒಳ್ಳೆಯದು, ಏಕೆಂದರೆ ಬಡಿಸುವವರು ಬಕೆಟ್ ಹಿಡಿದು ವೇಗವಾಗಿ ನಡೆಯುವ ದಾರಿಯಲ್ಲಿ ಅದು ಅಡ್ಡಿಯಾಗುತ್ತದೆ.

ಕ್ಯಾಮೆರಾ ಹೊರತೆಗೆಯುವ ಮುನ್ನ ಪಂಕ್ತಿಯಲ್ಲಿ ಕುಳಿತು ಊಟ ಮಾಡಿ. ಯಾವುದರ ನಂತರ ಯಾವುದು ಬರುತ್ತದೆ, ಎಲ್ಲಿ ನಿಂತರೆ ಯಾರ ದಾರಿಗೂ ಅಡ್ಡವಾಗುವುದಿಲ್ಲ ಎಂಬುದು ಕುಳಿತು ಉಂಡವರಿಗಷ್ಟೇ ತಿಳಿಯುತ್ತದೆ.

ಮೊದಲ ದೃಶ್ಯವನ್ನು ಸಭಾಂಗಣದ ಹೊರಗೆ ತೆಗೆಯಬೇಕು. ಸೇವಾದಾರರು ಸಾಲಾಗಿ ಬರುವ ಪ್ರತಿಯೊಬ್ಬರ ಕೈಗೂ ಸ್ಟೀಲ್ ತಟ್ಟೆ, ಬಟ್ಟಲು, ಚಮಚ ಕೊಡುತ್ತಾರೆ. ಮುಖಗಳ ಬದಲು ಕೈಗಳನ್ನೇ ಚಿತ್ರಿಸಿದರೆ ಬಳೆ ತೊಟ್ಟ ಕೈ, ಬಿರುಕು ಬಿಟ್ಟ ಕೈ, ಮಗುವಿನ ಕೈ ಒಂದರ ಹಿಂದೆ ಒಂದಾಗಿ ಬರುತ್ತವೆ. ನಿರೂಪಣೆ ಹೀಗಿರಬಹುದು: ‘ಇಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ತಟ್ಟೆ ಹಿಡಿದವರೆಲ್ಲರೂ ಒಳಗೆ ಬರಬಹುದು.’

ಎರಡನೆಯ ದೃಶ್ಯವೇ ವಿಡಿಯೊದ ಜೀವಾಳ, ಇದಕ್ಕೆ ಕನಿಷ್ಠ ಒಂದು ನಿಮಿಷ ಮೀಸಲಿಡಿ. ಬಾಗಿಲು ತೆರೆದಾಗ ಜನರು ನೆಲದ ಮೇಲೆ ಹಾಸಿದ ಉದ್ದನೆಯ ಪಟ್ಟಿಗಳ ಮೇಲೆ ಬಂದ ಕ್ರಮದಲ್ಲಿಯೇ ಕೂರುತ್ತಾರೆ. ಕ್ಯಾಮೆರಾವನ್ನು ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸಿ, ಏಕೆಂದರೆ ನಿಂತು ತೆಗೆದ ಚಿತ್ರದಲ್ಲಿ ಉಣ್ಣುವವರು ಚಿಕ್ಕವರಾಗಿ ಕಾಣುತ್ತಾರೆ, ಸಮಾನತೆಯನ್ನು ತೋರಿಸಬೇಕಾದ ಕಡೆ ಅದು ತಪ್ಪು ಅರ್ಥ ಕೊಡುತ್ತದೆ. ದಾಲ್, ಪಲ್ಯ, ಖೀರು ಬಕೆಟ್‌ಗಳಿಂದ ತಟ್ಟೆಗೆ ಬೀಳುತ್ತವೆ. ರೊಟ್ಟಿಯನ್ನು ಮಾತ್ರ ತಟ್ಟೆಗೆ ಹಾಕುವುದಿಲ್ಲ, ಎರಡೂ ಅಂಗೈಗಳನ್ನು ಜೋಡಿಸಿ ಮುಂದೆ ಚಾಚಿದವರ ಕೈಗೆ ಹಾಕುತ್ತಾರೆ. ಆ ಕ್ಷಣವನ್ನು ಹತ್ತಿರದಿಂದ, ಮಾತಿಲ್ಲದೆ ತೋರಿಸಿ. ಅನಂತರ ಹೇಳಿ: ‘ಸಿಖ್ಖರ ಮೂರನೆಯ ಗುರು ಅಮರದಾಸರು ಮೊದಲು ಪಂಗತ್ ಎಂಬ ಊಟದ ಪಂಕ್ತಿ, ಆಮೇಲೆ ಸಂಗತ್ ಎಂಬ ಸತ್ಸಂಗ ಎನ್ನುವ ಕ್ರಮವನ್ನು ಗಟ್ಟಿಗೊಳಿಸಿದರು. ಪಂಕ್ತಿಭೇದವಿಲ್ಲದೆ ಒಟ್ಟಿಗೆ ಕುಳಿತು ಉಂಡ ಮೇಲೆಯೇ ಗುರುವಿನ ದರ್ಶನ.’ ಊಟ ಸಂಪೂರ್ಣ ಸಸ್ಯಾಹಾರವಾಗಿರುವುದರಿಂದ ಬೇರೆ ಬೇರೆ ಆಹಾರಪದ್ಧತಿಯವರೂ ಒಂದೇ ಸಾಲಿನಲ್ಲಿ ಕೂರಬಹುದು ಎಂಬ ಮಾತನ್ನೂ ಇಲ್ಲಿಯೇ ಸೇರಿಸಬಹುದು.

ಅಡುಗೆಮನೆಯ ದೃಶ್ಯ ಚಿಕ್ಕದಾಗಿರಲಿ. ಜನಸಂದಣಿ ಹೆಚ್ಚಿದಾಗ ಯಂತ್ರದಲ್ಲಿ ರೊಟ್ಟಿ ತಯಾರಾಗುತ್ತದೆ, ಆದರೂ ಪಕ್ಕದಲ್ಲಿ ಸ್ವಯಂಸೇವಕರು ಕೈಯಿಂದ ಲಟ್ಟಿಸುವುದನ್ನು ಬಿಟ್ಟಿಲ್ಲ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತರಲು ಸಾಧ್ಯವಾದರೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಹೊರಗಿನಿಂದ ಬಿಸಿ ಅಡುಗೆಮನೆಗೆ ಬಂದ ಕೂಡಲೇ ಲೆನ್ಸಿನ ಮೇಲೆ ಹಬೆ ಕಟ್ಟುತ್ತದೆ, ಅದು ತಾನಾಗಿಯೇ ಕರಗುವವರೆಗೆ ಕೆಲ ನಿಮಿಷ ಕಾಯಬೇಕು. ಒರೆಸಿದರೆ ಮತ್ತೆ ಕಟ್ಟುತ್ತದೆ.

ಕೊನೆಯ ದೃಶ್ಯ ತಟ್ಟೆ ತೊಳೆಯುವ ಸ್ಥಳದ್ದು. ಉಂಡವರು ತಟ್ಟೆ ತಂದುಕೊಟ್ಟಾಗ ಸೇವಾದಾರರು ಉಳಿದ ಅನ್ನಾಹಾರವನ್ನು ತೆಗೆದು ತಟ್ಟೆಯನ್ನು ತೊಟ್ಟಿಗಳ ಕಡೆಗೆ ಸಾಗಿಸುತ್ತಾರೆ, ಸಾಲಾಗಿ ನಿಂತ ಸ್ವಯಂಸೇವಕರ ಕೈಯಿಂದ ಆ ತಟ್ಟೆ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹಾದು ಮತ್ತೆ ಮತ್ತೆ ತೊಳೆಯಲ್ಪಡುತ್ತದೆ. ಇಲ್ಲಿ ಸ್ಟೀಲಿನ ಸದ್ದು ಎಷ್ಟು ಜೋರಾಗಿರುತ್ತದೆಂದರೆ ಸ್ಥಳದಲ್ಲಿಯೇ ಹೇಳಿದ ನಿರೂಪಣೆ ಕೇಳಿಸುವುದೇ ಇಲ್ಲ. ಸದ್ದನ್ನು ಪ್ರತ್ಯೇಕವಾಗಿ ಒಂದು ನಿಮಿಷ ಮುದ್ರಿಸಿಕೊಂಡು, ಮಾತನ್ನು ಕೋಣೆಗೆ ಮರಳಿದ ಮೇಲೆ ಸೇರಿಸಿ. ‘ಈಗ ಉಂಡವರೇ ತೊಳೆಯಲು ನಿಲ್ಲಬಹುದು. ಅವರನ್ನು ಯಾರೂ ಕರೆಯುವುದಿಲ್ಲ, ಯಾರೂ ತಡೆಯುವುದೂ ಇಲ್ಲ’ ಎಂಬಷ್ಟು ಮಾತು ಸಾಕು.

ಉಣ್ಣುತ್ತಿರುವವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಹತ್ತಿರದಿಂದ ತೆಗೆಯಬೇಡಿ. ಹಸಿದು ಬಂದವರೂ ಯಾತ್ರಿಕರೂ ಒಟ್ಟಿಗೆ ಕುಳಿತಿರುವ ಜಾಗದಲ್ಲಿ ಒಬ್ಬರನ್ನು ಬಡವರೆಂದು ಗುರುತಿಸಿ ತೋರಿಸಿದರೆ, ಪಂಕ್ತಿಯು ಅಳಿಸಿದ ಭೇದವನ್ನು ವಿಡಿಯೊ ಮತ್ತೆ ಎಳೆದಂತಾಗುತ್ತದೆ.

ಅಮೃತಸರದವರೆಗೆ ಹೋಗಲಾಗದವರು ಇದೇ ಕ್ರಮವನ್ನು ಬೀದರಿನ ಗುರುದ್ವಾರ ನಾನಕ್ ಝೀರಾ ಸಾಹಿಬ್‌ನ ಲಂಗರ್‌ನಲ್ಲಿ ಅನುಸರಿಸಬಹುದು. ಅಲ್ಲಿಯೂ ಅನುಮತಿ ಕೇಳಿಯೇ ಆರಂಭಿಸಬೇಕು. ಪ್ರಮಾಣ ಅಮೃತಸರಕ್ಕಿಂತ ಚಿಕ್ಕದಾಗಿರುವುದರಿಂದ ಒಂದು ತಟ್ಟೆಯನ್ನು ಕೊನೆಯವರೆಗೆ ಹಿಂಬಾಲಿಸುವುದು ಅಲ್ಲಿ ಇನ್ನೂ ಸುಲಭ.